ಐಡಿ ಕಾರ್ಡಿನ ಎರಡೂ ಬದಿ ಒಂದೇ ಪುಟದಲ್ಲಿ, ಅಸಲಿ ಅಳತೆಗೆ

"ಕಾರ್ಡಿನ ಎರಡೂ ಬದಿ ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಪುಟಕ್ಕೆ ಹಾಕಿದೆ. ಪ್ರಿಂಟ್ ತೆಗೆದರೆ ಕಾರ್ಡು ಚಿಕ್ಕದಾಗಿ ಬರುತ್ತದೆ, ಯಾಕೆ?"

ಬಹುಶಃ ಸುತ್ತಲಿನ ಬಿಳಿ ಅಂಚು ಹಾಗೇ ಉಳಿದಿದೆ. ಎಟಿಎಂ ಕಾರ್ಡಿನಷ್ಟೇ ದೊಡ್ಡ ಕಾರ್ಡಾದರೆ ಅಳತೆ 85.6 × 54 ಮಿ.ಮೀ. ಅಂಚನ್ನೂ ಸೇರಿಸಿ ಅಷ್ಟೇ ಅಗಲ ಕೊಟ್ಟರೆ ಒಳಗಿನ ಕಾರ್ಡು ಕುಗ್ಗಲೇಬೇಕು ಅಲ್ವಾ?

300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಕಾರ್ಡನ್ನು ಗಾಜಿನ ತುದಿಗೆ ತಾಗಿಸಬೇಡಿ, ಒಂದು ಬದಿ ಕತ್ತರಿಸಿ ಹೋಗುತ್ತದೆ. ಆಮೇಲೆ ಕಾರ್ಡಿನ ಅಂಚಿಗೇ ಸರಿಯಾಗಿ ಕ್ರಾಪ್ ಮಾಡಿ. ಚಿತ್ರ ಸುಮಾರು 1011 × 638 ಪಿಕ್ಸೆಲ್ ಇದ್ದರೆ ಸರಿಯಾಗಿದೆ ಎಂದರ್ಥ. ತುಂಬಾ ಜಾಸ್ತಿ ಇದ್ದರೆ ಅಂಚು ಇನ್ನೂ ಉಳಿದಿದೆ.

ಲಿಬ್ರೆಆಫೀಸ್ ಡ್ರಾನಲ್ಲಿ ಎ4 ಪುಟಕ್ಕೆ ಎರಡನ್ನೂ ಹಾಕಿ, ಒಂದೊಂದನ್ನೇ ಕ್ಲಿಕ್ ಮಾಡಿ F4 ಒತ್ತಿ ಅಗಲ 8.56, ಎತ್ತರ 5.4 ಸೆಂ.ಮೀ. ಕೊಟ್ಟು ಪಿಡಿಎಫ್ ಮಾಡಿ. ಪ್ರಿಂಟ್ ಕೊಡುವಾಗ Fit ಬೇಡ, Actual size ಇರಲಿ. ಬಂದ ಹಾಳೆಯ ಮೇಲೆ ಕಾರ್ಡನ್ನೇ ಇಟ್ಟು ನೋಡಿ.