ದೋಸೆಗೆ 70 ನಡೆಯುತ್ತದೆಯೇ?

"ನಮ್ಮ ದರ್ಶಿನಿಯಲ್ಲಿ ಮಸಾಲೆ ದೋಸೆಗೆ 60 ರೂಪಾಯಿ. ಹೊಸ ದರಪಟ್ಟಿ ಅಚ್ಚು ಹಾಕಿಸುವ ಮೊದಲು 70 ನಡೆಯುತ್ತದೆಯೇ ಎಂದು ತಿಳಿಯುವುದು ಹೇಗೆ?"

ಹಬ್ಬವಿಲ್ಲದ ನಾಲ್ಕು ವಾರ ಆರಿಸಿ, ವಾರಕ್ಕೊಂದರಂತೆ 60, 70, 70, 60 ದರ ಇಡಿ. ಸಂಬಳದ ವಾರದ ಭರಾಟೆಯೂ ತಿಂಗಳ ಕೊನೆಯ ಮಂದ ವ್ಯಾಪಾರವೂ ಹೀಗೆ ಸರಿದೂಗುತ್ತವೆ. ಒಂದೇ ದಿನ ಇಬ್ಬರಿಗೆ ಎರಡು ದರ ಮಾತ್ರ ಬೇಡ, ಕೌಂಟರಿನಲ್ಲೇ ಜಗಳ.

ಹಿಟ್ಟು, ಪಲ್ಯ, ಎಣ್ಣೆ ಸೇರಿ ದೋಸೆಗೆ 25 ರೂಪಾಯಿ ತಗಲುತ್ತದೆ ಎನ್ನೋಣ. ಈಗ ಉಳಿಯುವುದು 35, ಆಮೇಲೆ 45. ಹಾಗಾಗಿ 100 ದೋಸೆ ಹೋಗುತ್ತಿದ್ದಲ್ಲಿ 78 ಹೋದರೂ ದೋಸೆಯ ಲಾಭ ಕುಗ್ಗದು.

ಆದರೆ ಒಟ್ಟು ಬಿಲ್ಲುಗಳನ್ನೂ ಎಣಿಸಿ. ದೋಸೆ ಬಿಟ್ಟವರು ಇಡ್ಲಿ ತಿಂದರೆ ಚಿಂತೆಯಿಲ್ಲ. ಒಳಗೇ ಬಾರದಿದ್ದರೆ ಕಾಫಿಯ ಲಾಭವೂ ಹೋಯಿತು. ನಾಲ್ಕೈದು ದೋಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅಷ್ಟನ್ನು ಒಂದು ಸಂಜೆಯ ಮಳೆಯೇ ಮಾಡುತ್ತದೆ.