ರಜೆ ಪತ್ರ ಕಳಿಸುವ ಮುಂಚೆ ಇನ್ನೇನು ಸೇರಿಸಬೇಕು?

«ಅಪ್ಪನ ಆಪರೇಷನ್‌ಗೆ ನಾಲ್ಕು ದಿನ ರಜೆ ಬೇಕು. ಪತ್ರ ಬರೆದಿದ್ದೇನೆ. ಮೊದಲಿಗೇ ಕ್ಷಮೆ ಕೇಳಿದ್ದೇನೆ, ಕೊನೆಗೆ 'ನೀವೇ ನನಗೆ ದಿಕ್ಕು' ಅಂತಲೂ ಹಾಕಿದ್ದೇನೆ. ಆದರೂ ಬಾಸ್‌ಗೆ ಒರಟಾಗಿ ಕಾಣುತ್ತದೇನೋ ಅಂತ ಭಯ. ಇನ್ನಷ್ಟು ವಿನಯವಾಗಿ ಕಾಣಲು ಏನು ಸೇರಿಸಲಿ?»

ಏನೂ ಸೇರಿಸಬೇಡಿ. ತೆಗೆಯಿರಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನಮ್ಮಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲಾಗಿತ್ತು. ಮಾರ್ಚ್ 13, ಬುಧವಾರ ಆಪರೇಷನ್. ಮಂಗಳವಾರವೇ ಬಂದು ಸೇರಿಕೊಳ್ಳಿ ಎಂದು ಡಾಕ್ಟರ್ ಹೇಳಿದ್ದರು. ನಾನು ಅದರ ಹಿಂದಿನ ಗುರುವಾರ ರಾತ್ರಿ ಕೂತು ಮ್ಯಾನೇಜರ್‌ಗೆ ಪತ್ರ ಬರೆದೆ. ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆಯೂ ನಾನು ಮಾಡಿದ್ದು ನೀವು ಈಗ ಕೇಳುತ್ತಿರುವ ಕೆಲಸವನ್ನೇ, ವಿನಯ ಸೇರಿಸುವುದು. ಆ ಪತ್ರ ಇನ್ನೂ ನನ್ನ ಹತ್ತಿರ ಇದೆ. ನಾಚಿಕೆ ಬಿಟ್ಟು ಹಾಕುತ್ತೇನೆ:

«ಸರ್, ಕೆಲಸ ಇಷ್ಟೊಂದು ಇರುವಾಗ ರಜೆ ಕೇಳುತ್ತಿರುವುದಕ್ಕೆ ಮೊದಲು ದಯವಿಟ್ಟು ಕ್ಷಮಿಸಿ. ಅಮ್ಮನ ಆರೋಗ್ಯ ಸ್ವಲ್ಪ ಸರಿಯಿಲ್ಲ. ಮುಂದಿನ ವಾರ ಮೂರ್ನಾಲ್ಕು ದಿನ ಬೇಕಾಗಬಹುದು. ನಿಮಗೆ ತೊಂದರೆ ಕೊಡುತ್ತಿರುವುದಕ್ಕೆ ನನಗೇ ಬೇಜಾರಾಗುತ್ತಿದೆ. ಮೂರು ವರ್ಷದಲ್ಲಿ ನಾನು ಹೀಗೆ ಕೇಳಿದವನೇ ಅಲ್ಲ. ಅಮ್ಮನಿಗೆ ನನ್ನನ್ನು ಬಿಟ್ಟರೆ ಯಾರೂ ಇಲ್ಲ. ನೀವು ಅರ್ಥ ಮಾಡಿಕೊಳ್ಳುತ್ತೀರಿ ಎಂದು ನಂಬಿದ್ದೇನೆ. ಮತ್ತೊಮ್ಮೆ ಕ್ಷಮಿಸಿ.»

ಹತ್ತು ನಿಮಿಷದಲ್ಲಿ ಉತ್ತರ ಬಂತು. «ಅಯ್ಯೋ, ಇದಕ್ಕೆಲ್ಲ ಕ್ಷಮೆ ಯಾಕೆ? ಪರವಾಗಿಲ್ಲ. ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳಿ.»

ನನಗೆ ಹಾಯೆನಿಸಿತು. ರಜೆ ಸಿಕ್ಕಿತು ಅಂದುಕೊಂಡು ಮಲಗಿದೆ. ನನಗೆ ದುಬಾರಿಯಾದ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನಗೇ ಅರ್ಥವಾಗಲು ತುಂಬಾ ದಿನ ಬೇಕಾಯಿತು.

ಅವರು 'ಪರವಾಗಿಲ್ಲ' ಎಂದದ್ದು ಯಾವುದಕ್ಕೆ? ರಜೆಗಲ್ಲ, ನನ್ನ ಕ್ಷಮೆಗೆ. ಯಾರಾದರೂ ಎರಡೆರಡು ಸಲ ಕ್ಷಮಿಸಿ ಅಂದರೆ ಎದುರಿನವರ ಬಾಯಲ್ಲಿ ತಾನಾಗಿ ಬರುವ ಮಾತು 'ಪರವಾಗಿಲ್ಲ'. ಬಸ್ಸಿನಲ್ಲಿ ಕಾಲು ತುಳಿದರೂ ಅದೇ ಮಾತು. ನನ್ನ ಪತ್ರದಲ್ಲಿ ಎಂಟು ವಾಕ್ಯ ಇದ್ದವು. ಅದರಲ್ಲಿ ರಜೆ ಕೇಳುವ ವಾಕ್ಯ ಒಂದೇ. ಅದೂ ಕೇಳಿದಂತಿಲ್ಲ, 'ಬೇಕಾಗಬಹುದು' ಎಂದಿದೆ. ಉಳಿದ ಏಳರಲ್ಲಿ ಆರು ನನ್ನ ಸಂಕೋಚದ ಬಗ್ಗೆ ಅಥವಾ ನನ್ನ ಕಷ್ಟದ ಬಗ್ಗೆ. ಅವರು ಒಳ್ಳೆಯ ಮನುಷ್ಯ. ಪತ್ರದಲ್ಲಿ ಜಾಸ್ತಿ ಇದ್ದದ್ದು ಯಾವುದೋ ಅದಕ್ಕೇ ಉತ್ತರ ಕೊಟ್ಟರು. ರಜೆಯ ವಿಷಯ, ದಿನ ಗೊತ್ತಾದ ಮೇಲೆ ಇವನೇ ಹೇಳುತ್ತಾನೆ ಎಂದುಕೊಂಡರು. 'ಬೇಕಾಗಬಹುದು' ಅಂದರೆ ಬೇರೆ ಏನು ಅರ್ಥ ಮಾಡಿಕೊಳ್ಳಬೇಕು ಹೇಳಿ?

ಮಂಗಳವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅಮ್ಮನ ಹೆಸರು ಬರೆಸುತ್ತಿದ್ದೆ. ಫೋನ್ ಬಂತು. «ಎಲ್ಲಿದ್ದೀರಿ? ಹನ್ನೊಂದಕ್ಕೆ ಮೀಟಿಂಗ್ ಅಲ್ವಾ?» ನಾನು ರಜೆ ಅಂದೆ. ಅವರು ಯಾವ ರಜೆ ಅಂದರು. ಆಪರೇಷನ್ ಅಂದೆ. ಒಂದು ಕ್ಷಣ ಸುಮ್ಮನಾಗಿ, «ಆಪರೇಷನ್ ಅಂತ ನೀವು ಹೇಳಲೇ ಇಲ್ಲವಲ್ಲ» ಅಂದರು. ನಿಜ, ಹೇಳಿರಲಿಲ್ಲ. ಆಪರೇಷನ್ ಅಂತ ಬರೆದರೆ ದೊಡ್ಡದು ಮಾಡಿ ಹೇಳಿದಂತೆ ಆಗುತ್ತದೆ ಎಂದು 'ಸ್ವಲ್ಪ ಸರಿಯಿಲ್ಲ' ಎಂದು ಬರೆದಿದ್ದೆ. ಅದನ್ನೂ ವಿನಯ ಅಂತಲೇ ತಿಳಿದಿದ್ದೆ.

ಬುಧವಾರ ಅಮ್ಮನನ್ನು ಸ್ಟ್ರೆಚರ್ ಮೇಲೆ ಒಳಗೆ ಕರೆದುಕೊಂಡು ಹೋಗುವಾಗ ನಾನು ಕಾರಿಡಾರ್‌ನಲ್ಲಿ ಫೋನ್ ಹಿಡಿದು, ಲೆಕ್ಕದ ಹಾಳೆ ಯಾವ ಫೋಲ್ಡರ್‌ನಲ್ಲಿದೆ ಎಂದು ಹೇಳುತ್ತಿದ್ದೆ. ಅಮ್ಮ ನನ್ನ ಕಡೆ ಕೈ ಎತ್ತಿದರು. ನಾನು 'ಒಂದು ನಿಮಿಷ' ಎಂದು ಬೆರಳು ತೋರಿಸಿದೆ. ಬಾಗಿಲು ಮುಚ್ಚಿಕೊಂಡಿತು. ಆಪರೇಷನ್ ಚೆನ್ನಾಗಿಯೇ ಆಯಿತು, ಅಮ್ಮ ಆರಾಮಾಗಿದ್ದಾರೆ. ಆದರೆ ಆ ಬೆರಳು ಮಾತ್ರ ನನಗೆ ಮರೆತಿಲ್ಲ. ತಿಂಗಳ ಕೊನೆಗೆ ನೋಡಿದರೆ ಮಂಜೂರಾಗದ ರಜೆ ಎಂದು ಎರಡು ದಿನದ ಸಂಬಳವೂ ಕಟ್ ಆಗಿತ್ತು.

ಆಮೇಲೆ ಒಂದು ದಿನ ಆ ಪತ್ರವನ್ನು ಪ್ರಿಂಟ್ ತೆಗೆದು, ನಾನೇ ಮ್ಯಾನೇಜರ್ ಎಂದುಕೊಂಡು, ಪ್ರತಿ ವಾಕ್ಯದ ಪಕ್ಕ ಪೆನ್ಸಿಲಿನಲ್ಲಿ ಒಂದು ಉತ್ತರ ಬರೆದೆ. ಇವತ್ತಿಗೂ ಕಳಿಸುವ ಮುಂಚೆ ಹೀಗೇ ಮಾಡುತ್ತೇನೆ. ನಿಮ್ಮ ಪತ್ರಕ್ಕೂ ಇದನ್ನೇ ಮಾಡಿ ನೋಡಿ, ಐದು ನಿಮಿಷದ ಕೆಲಸ.

'ಕ್ಷಮಿಸಿ' ಎಂಬ ವಾಕ್ಯದ ಪಕ್ಕ 'ಪರವಾಗಿಲ್ಲ' ಎಂದು ಬಂತು. 'ನನಗೇ ಬೇಜಾರಾಗುತ್ತಿದೆ' ಎಂಬುದಕ್ಕೆ 'ಛೆ, ಹಾಗೆಲ್ಲ ಅಂದುಕೊಳ್ಳಬೇಡಿ'. ಕೊನೆಯ 'ಮತ್ತೊಮ್ಮೆ ಕ್ಷಮಿಸಿ'ಗೆ ಮತ್ತೆ 'ಪರವಾಗಿಲ್ಲ'. ಎದುರಿನವರು ನಿಮ್ಮನ್ನು ಸಮಾಧಾನ ಮಾಡಬೇಕಾಗಿ ಬರುವ ವಾಕ್ಯ ಯಾವುದೇ ಇರಲಿ, ಹೊಡೆದು ಹಾಕಿ. ಒಂದಕ್ಕೆ ಮಾತ್ರ ಜಾಗ ಇದೆ: ನಿಜವಾಗಿ ನಿಮ್ಮ ಕಡೆಯಿಂದ ತಪ್ಪಾಗಿದ್ದರೆ. ಹದಿನೈದು ದಿನ ಮುಂಚೆಯೇ ಗೊತ್ತಿದ್ದು ಹಿಂದಿನ ದಿನ ಹೇಳುತ್ತಿದ್ದೀರಿ ಅಂದುಕೊಳ್ಳಿ. ಆಗ 'ತಡವಾಗಿ ತಿಳಿಸುತ್ತಿರುವುದಕ್ಕೆ ಕ್ಷಮಿಸಿ' ಎಂದು ಒಂದೇ ಸಲ, ಯಾವುದಕ್ಕೆ ಎಂದು ಹೇಳಿ, ಕೇಳಿ. ರಜೆ ಕೇಳುವುದೇ ತಪ್ಪು ಅನ್ನುವ ಹಾಗೆ ಕೇಳಬೇಡಿ.

'ಸ್ವಲ್ಪ ಸರಿಯಿಲ್ಲ'ದ ಪಕ್ಕ ನಾನು ಬರೆದದ್ದು 'ಏನಾಗಿದೆ?'. 'ಮೂರ್ನಾಲ್ಕು ದಿನ'ಕ್ಕೆ 'ಮೂರೋ ನಾಲ್ಕೋ?'. 'ಮುಂದಿನ ವಾರ'ಕ್ಕೆ 'ಯಾವತ್ತಿಂದ?'. ಉತ್ತರವಾಗಿ ಪ್ರಶ್ನೆ ಬಂದರೆ ಆ ವಾಕ್ಯ ಅಸ್ಪಷ್ಟ ಎಂದೇ ಅರ್ಥ. ಇಲ್ಲಿ ಒಂದು ಮಾತು. ಸ್ಪಷ್ಟವಾಗಿರಬೇಕು ಅಂದರೆ ಎಲ್ಲವನ್ನೂ ಬಿಚ್ಚಿಡಬೇಕು ಅಂತಲ್ಲ. ಕಾಯಿಲೆಯ ಹೆಸರು ಹೇಳಲು ಇಷ್ಟವಿಲ್ಲದಿದ್ದರೆ 'ತಂದೆಯವರಿಗೆ ಆಪರೇಷನ್ ಇದೆ' ಸಾಕು. ಅದೂ ಬೇಡವಾದರೆ 'ವೈಯಕ್ತಿಕ ಕಾರಣ' ಎಂದು ಬರೆದು ಸುಮ್ಮನಿರಿ, ನಿಮ್ಮ ಆಫೀಸಿನಲ್ಲಿ ಅದು ನಡೆಯುವುದಾದರೆ. ಅದು ಮುಚ್ಚಿದ ಬಾಗಿಲು, ಓದಿದವರಿಗೆ ತಟ್ಟಬಾರದು ಎಂದು ಗೊತ್ತಾಗುತ್ತದೆ. 'ಮನೆ ಕಡೆ ಸ್ವಲ್ಪ ಸಮಸ್ಯೆ' ಎಂಬುದು ಅರ್ಧ ತೆರೆದ ಬಾಗಿಲು. ಎಲ್ಲರೂ ಇಣುಕುತ್ತಾರೆ. ಕಾರಣ ಎಷ್ಟು ಬೇಕಾದರೂ ಚಿಕ್ಕದಿರಲಿ, ತಾರೀಖು ಮಾತ್ರ ಪೂರ್ತಿ ಇರಬೇಕು.

ಇನ್ನು ಉಳಿದ ಮೂರು ವಾಕ್ಯ. 'ಮೂರು ವರ್ಷದಲ್ಲಿ ಕೇಳಿಲ್ಲ', 'ಅಮ್ಮನಿಗೆ ಯಾರೂ ಇಲ್ಲ', 'ನೀವು ಅರ್ಥ ಮಾಡಿಕೊಳ್ಳುತ್ತೀರಿ'. ಇವುಗಳ ಪಕ್ಕ ನನ್ನ ಪೆನ್ಸಿಲ್ ನಿಂತುಬಿಟ್ಟಿತು. 'ಆ ವಾರ ಆಗುವುದಿಲ್ಲ, ಎರಡೇ ದಿನ ಕೊಡಬಹುದು' ಎಂದು ಬರೆಯಲು ಹೋದರೆ ನಾನೇ ಕಲ್ಲು ಹೃದಯದವನ ಹಾಗೆ ಕಾಣುತ್ತಿದ್ದೆ. ಇಲ್ಲ ಅನ್ನುವವರನ್ನು ಕೆಟ್ಟವರನ್ನಾಗಿ ಮಾಡುವ ವಾಕ್ಯ ಒತ್ತಡವೇ, ಎಷ್ಟು ಮೆತ್ತಗೆ ಬರೆದರೂ. ನಿಮ್ಮ 'ನೀವೇ ನನಗೆ ದಿಕ್ಕು' ಕೂಡ ಇದೇ ಜಾತಿ. ನೀವು ಅದನ್ನು ವಿನಯ ಅಂದುಕೊಂಡಿದ್ದೀರಿ. ಓದುವವರ ಮೇಲೆ ಅದು ಭಾರ ಹೊರಿಸುತ್ತದೆ. ಬಾಸ್ ಹೇಳಬೇಕಾದ ಕಷ್ಟ ಏನಾದರೂ ಇದ್ದರೂ, ಉದಾಹರಣೆಗೆ ಆ ದಿನ ಇನ್ನೊಬ್ಬರೂ ರಜೆಯಲ್ಲಿದ್ದಾರೆ ಎಂದು, ಹೇಳದೆ ಸುಮ್ಮನಾಗುತ್ತಾರೆ. ಆಮೇಲೆ ಆಸ್ಪತ್ರೆಗೆ ಫೋನ್ ಬರುತ್ತದೆ.

ಎಲ್ಲ ಹೊಡೆದ ಮೇಲೆ ನನ್ನ ಪತ್ರದಲ್ಲಿ ಉಳಿದದ್ದು 'ಸರ್' ಒಂದೇ. ನಗಬೇಡಿ, ನಿಜ. ಆಗಲೇ ಗೊತ್ತಾಯಿತು, ಬರೆಯಬೇಕಾದದ್ದನ್ನು ನಾನು ಬರೆದೇ ಇರಲಿಲ್ಲ ಎಂದು. ಅವತ್ತು ಹೀಗೆ ಕಳಿಸಬೇಕಿತ್ತು:

«ವಿಷಯ: ಮಾರ್ಚ್ 12ರಿಂದ 15ರವರೆಗೆ ನಾಲ್ಕು ದಿನ ರಜೆ ಕೋರಿ

ಸರ್,

ನನ್ನ ತಾಯಿಗೆ ಮಾರ್ಚ್ 13, ಬುಧವಾರ ಆಪರೇಷನ್ ಇದೆ. ಹಿಂದಿನ ದಿನ ಆಸ್ಪತ್ರೆಗೆ ಸೇರಿಸಬೇಕು. ಆದ್ದರಿಂದ ಮಾರ್ಚ್ 12, ಮಂಗಳವಾರದಿಂದ 15, ಶುಕ್ರವಾರದವರೆಗೆ ನಾಲ್ಕು ದಿನ ರಜೆ ಕೊಡಬೇಕೆಂದು ಕೋರುತ್ತೇನೆ. 18, ಸೋಮವಾರ ಕೆಲಸಕ್ಕೆ ಬರುತ್ತೇನೆ.

ಮಂಗಳವಾರದ ಮೀಟಿಂಗ್‌ಗೆ ಬೇಕಾದ ಲೆಕ್ಕದ ಹಾಳೆಯನ್ನು ಸೋಮವಾರ ಸಂಜೆಯೊಳಗೆ ಮುಗಿಸಿ, ಜೊತೆಯಲ್ಲಿ ಕೆಲಸ ಮಾಡುವವರಿಗೆ ವಿವರಿಸಿ ಹೋಗುತ್ತೇನೆ. ಬುಧವಾರ ಫೋನ್‌ಗೆ ಸಿಗುವುದಿಲ್ಲ. ಉಳಿದ ದಿನ ಸಂಜೆ 5ರ ನಂತರ ಸಿಗುತ್ತೇನೆ.

ರಜೆ ಮಂಜೂರಾಗಿದೆಯೇ ಎಂದು ನಾಳೆಯೊಳಗೆ ತಿಳಿಸಿದರೆ ಅನುಕೂಲವಾಗುತ್ತದೆ.»

'ಕೋರುತ್ತೇನೆ' ಎಂಬ ಒಂದು ಪದದಲ್ಲಿ ಬೇಕಾದಷ್ಟು ವಿನಯ ಇದೆ. ಅದನ್ನೂ ತೆಗೆದು 'ರಜೆಯಲ್ಲಿರುತ್ತೇನೆ' ಎಂದು ಬರೆದರೆ ಕೇಳಿದಂತೆ ಆಗುವುದಿಲ್ಲ, ತಿಳಿಸಿದಂತೆ ಆಗುತ್ತದೆ. ಆ ಅತಿಗೂ ನಾನು ಒಮ್ಮೆ ಹೋಗಿದ್ದೆ, ಬೈಸಿಕೊಂಡೆ. ಕೊನೆಗೆ 'ತಮ್ಮ ವಿಧೇಯ' ಹಾಕುವ ರೂಢಿ ಇದ್ದರೆ ಹಾಕಿ, ಅದನ್ನು ಯಾರೂ ಕ್ಷಮೆ ಎಂದು ಓದುವುದಿಲ್ಲ. ಬುಧವಾರ ಸಿಗುವುದಿಲ್ಲ ಎಂಬ ಸಾಲನ್ನು ಮಾತ್ರ ಬಿಡಬೇಡಿ. ಬರೆಯುವಾಗ ಒರಟು ಅನಿಸುತ್ತದೆ, ನನಗೂ ಅನಿಸಿತ್ತು. ಆದರೆ ಮೊದಲೇ ಗೊತ್ತಿದ್ದರೆ ಅವರು ಮಂಗಳವಾರವೇ ಕೇಳಿ ಮುಗಿಸುತ್ತಾರೆ.

ಕೊನೆಯ ಸಾಲಿನ ಪ್ರಶ್ನೆ ಇದ್ದರೂ ಕೆಲವರು ಅಭ್ಯಾಸದಿಂದ «ಪರವಾಗಿಲ್ಲ, ಅಪ್ಪನನ್ನು ನೋಡಿಕೊಳ್ಳಿ» ಎಂದಷ್ಟೇ ಬರೆಯುತ್ತಾರೆ. ಹಾಯೆನಿಸಿ ಮಲಗಬೇಡಿ. ಅದೇ ಮೇಲ್‌ಗೆ ಉತ್ತರವಾಗಿ ಒಂದು ಸಾಲು ಹಾಕಿ: «ಧನ್ಯವಾದ ಸರ್. ಹಾಗಾದರೆ ಈ ನಾಲ್ಕೂ ದಿನಕ್ಕೆ ರಜೆ ಮಂಜೂರಾಗಿದೆ ಎಂದುಕೊಳ್ಳಲೇ?» ಹೌದು ಎಂದು ಬಂದ ಮೇಲೆ ಆಸ್ಪತ್ರೆಯ ಬ್ಯಾಗ್ ತುಂಬಿ.