ಮೈಕ್ರೋವೇವ್ ಒಳಗಿನ ಒಣಗಿದ ಕಲೆ, ವಾಸನೆ: ಆವಿ ಹಿಡಿದರೂ ಹೋಗದಿದ್ದರೆ

ಪ್ರಶ್ನೆ: ಮೈಕ್ರೋವೇವ್ ಒಳಗೆ ಸಿಡಿದದ್ದೆಲ್ಲ ಒಣಗಿ ಕಲ್ಲಾಗಿದೆ. ದೊಡ್ಡ ಬೋಗುಣಿ ತುಂಬ ನೀರಿಗೆ ನಿಂಬೆಹಣ್ಣು ಹಾಕಿ ಐದು ನಿಮಿಷ ಇಟ್ಟೆ. ನಿಂತ ತಕ್ಷಣ ತೆಗೆದು ಒರೆಸಿದರೆ ಅರ್ಧವೂ ಬರಲಿಲ್ಲ. ವಾಸನೆಯೂ ಹಾಗೇ ಇದೆ. ಎಲ್ಲಿ ತಪ್ಪಿದೆ?

ಎರಡು ಕಡೆ. ನೀರು ಹೆಚ್ಚಾಯಿತು, ಕಾಯುವುದು ಕಡಿಮೆಯಾಯಿತು.

ಮೊದಲು ನೀರಿನ ಲೆಕ್ಕ. ನಿಮ್ಮ ಬೋಗುಣಿಯಲ್ಲಿ ಒಂದು ಲೀಟರ್ ಇತ್ತು ಅಂದುಕೊಳ್ಳೋಣ. 25 ಡಿಗ್ರಿಯಲ್ಲಿರುವ ಒಂದು ಲೀಟರ್ ನೀರು ಕುದಿಯುವ ಮಟ್ಟಕ್ಕೆ ಬರಲು ಸುಮಾರು 315 ಕಿಲೋಜೌಲ್ ಶಾಖ ಬೇಕು. 800 ವ್ಯಾಟ್‌ನ ಓವನ್ ಒಂದು ಚೂರೂ ವ್ಯರ್ಥ ಮಾಡದೆ ಕೊಟ್ಟರೂ ಅದಕ್ಕೆ ಆರೂವರೆ ನಿಮಿಷ ಹಿಡಿಯುತ್ತದೆ. ಅಂದರೆ ನಿಮ್ಮ ಐದು ನಿಮಿಷದಲ್ಲಿ ನೀರು ಬಿಸಿಯಾಗಿದೆ, ಕುದಿದಿರಲಾರದು. ಬರೀ 250 ಮಿಲಿ ಇಟ್ಟಿದ್ದರೆ ಎರಡು ನಿಮಿಷದ ಹೊತ್ತಿಗೆ ಕುದಿ ಬರುತ್ತಿತ್ತು, ಆಮೇಲೆ ಪ್ರತಿ ನಿಮಿಷಕ್ಕೆ ಸುಮಾರು 20 ಮಿಲಿ ಆವಿಯಾಗುತ್ತಿತ್ತು. ಐದು ನಿಮಿಷ ಮುಗಿಯುವಾಗ 50–60 ಮಿಲಿ ನೀರು ಬೋಗುಣಿ ಬಿಟ್ಟು ಗಾಳಿಗೆ ಸೇರಿರುತ್ತಿತ್ತು. ಆ ಪುಟ್ಟ ಪೆಟ್ಟಿಗೆಗೆ ಅಷ್ಟು ಧಾರಾಳವಾಯಿತು. ಬೋಗುಣಿಯಲ್ಲೇ ಉಳಿದ ನೀರಿನಿಂದ ಗೋಡೆಗೆ ಯಾವ ಉಪಯೋಗವೂ ಇಲ್ಲ.

ಇನ್ನು ಕಾಯುವ ವಿಷಯ. ನನ್ನ ಮಟ್ಟಿಗೆ ಇದೇ ಮುಖ್ಯ. ಮೈಕ್ರೋವೇವ್ ಓವನ್ನಿನ ಲೋಹದ ಗೋಡೆಗಳನ್ನು ಅಲೆಗಳು ನೇರವಾಗಿ ಬಿಸಿ ಮಾಡುವುದಿಲ್ಲ, ತಾಗಿ ವಾಪಸ್ ಪುಟಿಯುತ್ತವೆ. ಹಾಗಾಗಿ ನೀರು ಕುದಿಯುತ್ತಿದ್ದರೂ ಗೋಡೆ ಅದಕ್ಕಿಂತ ತಣ್ಣಗಿರುತ್ತದೆ. ಆವಿ ಅಲ್ಲಿಗೆ ತಾಗಿದ ಕೂಡಲೇ ತನ್ನ ಶಾಖ ಬಿಟ್ಟುಕೊಟ್ಟು ಮತ್ತೆ ನೀರಾಗುತ್ತದೆ. ತೆಳ್ಳಗಿನ ಆ ಬಿಸಿನೀರಿನ ಪದರವೇ ಒಣಗಿದ ಕಲೆಯನ್ನು ನೆನೆಸುವುದು. ಅಡಿ ಹಿಡಿದ ಪಾತ್ರೆಗೆ ನೀರು ಹಾಕಿಟ್ಟು ಬೇರೆ ಕೆಲಸಕ್ಕೆ ಹೋಗುತ್ತೇವಲ್ಲ, ಅದೇ ಕೆಲಸ ಇಲ್ಲಿ ಗೋಡೆ ಮತ್ತು ಚಾವಣಿಯ ಮೇಲೆ ನಡೆಯಬೇಕು. ಒಣಗಿದ ಹಿಟ್ಟಿನಂಶ, ಹಾಲು, ಸಕ್ಕರೆ ಇವೆಲ್ಲ ನೀರು ಕುಡಿದು ಉಬ್ಬಲು ಹೊತ್ತು ಬೇಕು. ಓವನ್ ಓಡುತ್ತಿರುವಾಗ ಅದರ ಫ್ಯಾನು ಒಂದಷ್ಟು ಆವಿಯನ್ನು ಕಿಂಡಿಗಳಿಂದ ಹೊರಗೆ ದಬ್ಬುತ್ತಲೇ ಇರುತ್ತದೆ. ನೆನೆಯಲು ಒಳ್ಳೆಯ ಸಮಯ ಸಿಗುವುದು ಟಿಂಗ್ ಅಂದ ಮೇಲೆ. ಆಗಲೇ ನೀವು ಬಾಗಿಲು ತೆರೆದರೆ ಆವಿಯೆಲ್ಲ ಒಂದೇ ಉಸಿರಿಗೆ ಹೊರಗೆ, ಅದೂ ನಿಮ್ಮ ಮುಖಕ್ಕೆ.

ನನ್ನದೇ ಅನುಭವ ಹೇಳುತ್ತೇನೆ. ಒಂದು ಬಟ್ಟಲು ಗಟ್ಟಿ ಟೊಮೆಟೊ ಸಾಸ್ ಬಿಸಿಗಿಟ್ಟು ಮುಚ್ಚಳ ಹಾಕುವುದು ಮರೆತಿದ್ದೆ. ಅದು ಒಳಗೇ ಸಿಡಿಯಿತು. ಕಣ್ಣಿಗೆ ಕಂಡದ್ದನ್ನು ಒರೆಸಿದೆ. ಚಾವಣಿ ಕಾಣುವುದಿಲ್ಲವಲ್ಲ, ಅದನ್ನು ಮುಟ್ಟಲಿಲ್ಲ. ಎರಡು ವಾರ ಅದರ ಮೇಲೇ ಬೇರೆ ಬೇರೆ ಬಿಸಿ ಮಾಡಿದೆ. ಕೊನೆಗೆ ಏನಿಟ್ಟರೂ ಒಂದು ಥರದ ಹುಳಿ, ಸೀದ ವಾಸನೆ ಬರತೊಡಗಿತು. ಮೊಬೈಲ್ ಕ್ಯಾಮೆರಾವನ್ನು ಮೇಲ್ಮುಖ ಹಿಡಿದು ಒಳಗೆ ಫೋಟೋ ತೆಗೆದು ನೋಡಿದರೆ ಚಾವಣಿ ತುಂಬ ಕಂದು ಚುಕ್ಕೆ. ನೀವೂ ಮೊದಲು ಆ ಫೋಟೋ ತೆಗೆಯಿರಿ. ಬಗ್ಗಿ, ತಲೆ ಒಳಗೆ ತೂರಿಸಿ ನೋಡುವ ಕಷ್ಟ ತಪ್ಪುತ್ತದೆ.

ಅಗಲ ಬಾಯಿಯ ಗಾಜಿನ ಬೋಗುಣಿಗೆ ಒಂದು ಲೋಟ, ಅಂದರೆ ಸುಮಾರು 250 ಮಿಲಿ ನೀರು ಹಾಕಿ, ಒಂದು ದೊಡ್ಡ ಚಮಚ ಬಿಳಿ ವಿನೆಗರ್ ಬೆರೆಸಿದೆ. ಬೋಗುಣಿ ಮೈಕ್ರೋವೇವ್‌ಗೆ ಆಗುವಂಥದ್ದಿರಬೇಕು, ಅಂಚಿಗೆ ಚಿನ್ನದ ಗೆರೆ ಇರಬಾರದು, ಮೇಲೆ ಮುಚ್ಚಳ ಇಡಬಾರದು. ವಿನೆಗರ್ ಬದಲು ನಿಂಬೆರಸ ಆದರೂ ನಡೆಯುತ್ತದೆ. ಕಲೆ ಬಿಡಿಸುವ ಕೆಲಸದಲ್ಲಿ ಬಹುಪಾಲು ನೀರಿನದೇ. ನಿಂಬೆಯಿಂದಲೇ ಎಲ್ಲ ಹೋಗುತ್ತದೆ ಅನ್ನುವ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಆ ನೀರಿನಲ್ಲಿ ಒಂದು ಮರದ ಸೌಟನ್ನು ಮುಳುಗಿಸಿಡುವುದನ್ನು ಮಾತ್ರ ಮರೆಯಬೇಡಿ. ನುಣುಪಾದ, ಸ್ವಚ್ಛ ಗಾಜಿನಲ್ಲಿ ಗುಳ್ಳೆ ಹುಟ್ಟಲು ನೆಲೆ ಸಿಗುವುದಿಲ್ಲ. ಆಗ ನೀರು ಕುದಿಯದೆಯೇ 100 ಡಿಗ್ರಿ ದಾಟಿಬಿಡಬಹುದು. ನೋಡಲು ಶಾಂತವಾಗಿರುತ್ತದೆ. ಅಲುಗಿಸಿದರೆ ಅಥವಾ ಚಮಚ ಅದ್ದಿದರೆ ಒಮ್ಮೆಗೇ ಉಕ್ಕಿ ಕೈಮೇಲೆ ಚೆಲ್ಲುತ್ತದೆ. ಮರದ ಒರಟು ಮೈಯಲ್ಲಿ ಗುಳ್ಳೆಗಳು ಸಲೀಸಾಗಿ ಹುಟ್ಟುವುದರಿಂದ ನೀರು ಸರಿಯಾದ ಹೊತ್ತಿಗೆ ಕುದಿಯುತ್ತದೆ.

ಪೂರ್ತಿ ಪವರ್‌ನಲ್ಲಿ ಐದು ನಿಮಿಷ ಓಡಿಸಿದೆ. ಬಾಗಿಲಿನ ಗಾಜು ಪೂರ್ತಿ ಮಂಜಾಯಿತು. ನಿಮಗೂ ಅದೇ ಗುರುತು. ಗಾಜು ಮಂಜಾಗದಿದ್ದರೆ ಇನ್ನೊಂದು ನಿಮಿಷ ಕೊಡಿ, ಆದರೆ ನೀರು ಪೂರ್ತಿ ಆರಿಹೋಗಲು ಬಿಡಬೇಡಿ. ಖಾಲಿ ಓವನ್ ಓಡಿಸಿದರೆ ಅದಕ್ಕೇ ಹಾನಿ. ಆಮೇಲೆ ಹತ್ತು ನಿಮಿಷ ಬಾಗಿಲು ಮುಟ್ಟಲಿಲ್ಲ. ನಂತರ ಪ್ಲಗ್ ಕಿತ್ತು, ದಪ್ಪ ಬಟ್ಟೆಯಲ್ಲಿ ಹಿಡಿದು ಬೋಗುಣಿ ಹೊರತೆಗೆದೆ. ಹತ್ತು ನಿಮಿಷದ ಮೇಲೂ ಅದು ಕೈ ಸುಡುವಷ್ಟು ಬಿಸಿ ಇರುತ್ತದೆ. ಗಾಜಿನ ತಟ್ಟೆಯನ್ನೂ ತೆಗೆದಿಟ್ಟೆ. ಬಿಸಿ ಇರುವಾಗಲೇ ಅದನ್ನು ತಣ್ಣೀರಿಗೆ ಹಿಡಿಯಬೇಡಿ, ಸೀಳು ಬಿಡಬಹುದು.

ಒರೆಸುವಾಗ ಚಾವಣಿಯಿಂದ ಶುರು ಮಾಡಿ, ಇಲ್ಲದಿದ್ದರೆ ಒರೆಸಿದ ಗೋಡೆಯ ಮೇಲೇ ಮತ್ತೆ ಹನಿ ಬೀಳುತ್ತದೆ. ನನಗೆ ಗೋಡೆಯ ಕಲೆಗಳೆಲ್ಲ ಮೆತ್ತಗಾಗಿ ಒದ್ದೆ ಬಟ್ಟೆಗೇ ಬಂದವು. ಚಾವಣಿಯವು ಅರ್ಧ ಬಂದು ಅರ್ಧ ಉಳಿದವು. ಉಜ್ಜುವ ಬದಲು ಹೊಸ ನೀರಿಟ್ಟು ಇನ್ನೊಂದು ಸುತ್ತು ಆವಿ ಹಿಡಿದೆ. ಎರಡನೆಯ ಸಲ ಬಹುತೇಕ ಎಲ್ಲವೂ ಬಂತು. ಸ್ಟೀಲ್ ನಾರು ಮಾತ್ರ ಬೇಡವೇ ಬೇಡ. ಒಳಗಿನ ಬಣ್ಣದ ಪದರ ಗೀರುತ್ತದೆ, ಮುರಿದ ತಂತಿಯ ಚೂರು ಒಳಗೆ ಉಳಿದರೆ ಮುಂದಿನ ಸಲ ಕಿಡಿ ಹಾರುತ್ತದೆ.

ಎರಡು ಸುತ್ತಿನ ಮೇಲೂ ಉಳಿಯುವ ಕಲೆ ಇದ್ದರೆ ಅದು ಬೇರೆ ಜಾತಿಯದು. ಬೆರಳ ತುದಿಯಿಂದ ಸವರಿ ನೋಡಿ. ಹಳದಿ ಅಥವಾ ಕಂದು ಬಣ್ಣ, ವಾರ್ನಿಷ್ ಬಳಿದಂತೆ ನಯ, ಮೇಲೆ ನೀರು ಹರಡದೆ ಮುತ್ತಾಗಿ ನಿಲ್ಲುತ್ತದೆ ಅಂದರೆ ಅದು ಮತ್ತೆ ಮತ್ತೆ ಕಾದು ಗಟ್ಟಿಯಾದ ಎಣ್ಣೆ. ನೀರಿನ ಆವಿ ಅದನ್ನು ಕರಗಿಸುವುದಿಲ್ಲ, ಹತ್ತು ಸುತ್ತು ಹಿಡಿದರೂ ಅಷ್ಟೆ. ಅಡುಗೆ ಸೋಡಾಕ್ಕೆ ಸ್ವಲ್ಪವೇ ನೀರು ಬೆರೆಸಿ ಗಟ್ಟಿ ಲೇಪ ಮಾಡಿ, ಕಿಂಡಿಗಳಿಗೆ ತಾಗದಂತೆ ಕಲೆಗೆ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು, ಮೆತ್ತನೆಯ ಸ್ಪಂಜಿಗೆ ಪಾತ್ರೆ ತೊಳೆಯುವ ದ್ರವ ಹಾಕಿ ಒರೆಸಿ. ಸೋಡಾ ಮತ್ತು ವಿನೆಗರ್ ಒಟ್ಟಿಗೆ ಸುರಿದು ನೊರೆ ಬರಿಸುವುದು ನೋಡಲು ಚೆಂದ. ಆದರೆ ಆಮ್ಲ ಮತ್ತು ಕ್ಷಾರ ಒಂದನ್ನೊಂದು ಕೊಂದುಕೊಂಡು ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಬೇರೆ ಬೇರೆ ಹೊತ್ತಿಗೆ ಬಳಸಿ. ಬ್ಲೀಚ್ ಹತ್ತಿರಕ್ಕೂ ತರಬೇಡಿ, ವಿನೆಗರ್ ಜೊತೆ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ. ನಿಮ್ಮದು ಕನ್ವೆಕ್ಷನ್ ಮಾದರಿಯಾದರೆ ಈ ಎಣ್ಣೆ ಕಲೆ ಹೆಚ್ಚಿರುತ್ತದೆ, ಏಕೆಂದರೆ ಅಲ್ಲಿ ಗೋಡೆಯೇ ಕಾಯುತ್ತದೆ. ಅದರಲ್ಲಿ ಹಳೆಯ ಕಲೆಗಳೆಲ್ಲ ಹೋಗುತ್ತವೆಂಬ ಆಸೆ ಇಟ್ಟುಕೊಳ್ಳಬೇಡಿ.

ವಾಸನೆಗೆ ಬರೋಣ. ಕಲೆ ಉಳಿದಿರುವವರೆಗೆ ವಾಸನೆ ಹೋಗುವುದಿಲ್ಲ, ಬರೀ ನಿಂಬೆಯ ಪರಿಮಳ ಒಂದು ಗಂಟೆ ಅದನ್ನು ಮುಚ್ಚಿಡುತ್ತದೆ. ಗೋಡೆ ಸ್ವಚ್ಛವಾದ ಮೇಲೂ ವಾಸನೆ ಇದ್ದರೆ ನಾನು ನೋಡುವ ಜಾಗಗಳು ಗಾಜಿನ ತಟ್ಟೆಯ ಕೆಳಗಿನ ಚಕ್ರಗಳ ಬಳೆ, ಅದು ಓಡಾಡುವ ತಗ್ಗು, ಬಾಗಿಲಿನ ಅಂಚು. ಬಳೆ ತೆಗೆದು ಸೋಪಿನಲ್ಲಿ ತೊಳೆಯಬಹುದು. ಬಾಗಿಲಿನ ಅಂಚನ್ನು ಹಿಂಡಿದ ಬಟ್ಟೆಯಿಂದ ಒರೆಸಿ ಒಣಗಿಸಿ. ಅಲ್ಲಿ ಕೊಳೆ ಕಟ್ಟಿದರೆ ಬಾಗಿಲು ಸರಿಯಾಗಿ ಕೂರುವುದಿಲ್ಲ.

ಎಂಥ ವಾಸನೆ ಅನ್ನುವುದರ ಮೇಲೆ ಮದ್ದು ಬದಲಾಗುತ್ತದೆ. ಮೀನಿನ ವಾಸನೆಗೆ ಕಾರಣವಾದ ಅಮೀನುಗಳು ಕ್ಷಾರ ಸ್ವಭಾವದವು, ವಿನೆಗರ್ ಅವನ್ನು ಗಾಳಿಗೆ ಏಳದ ಲವಣವಾಗಿಸುತ್ತದೆ. ಹಾಗಾಗಿ ಅಲ್ಲಿ ವಿನೆಗರ್ ಆವಿ ನಿಜಕ್ಕೂ ಕೆಲಸ ಮಾಡುತ್ತದೆ. ಕೆಟ್ಟ ಹಾಲಿನಂಥ ಹುಳಿ ವಾಸನೆ ಆಮ್ಲದ್ದು, ಅದಕ್ಕೆ ಸೋಡಾ ಸರಿ. ಒಂದು ಬಟ್ಟಲಲ್ಲಿ ಒಣ ಸೋಡಾ ಹಾಕಿ, ಓವನ್ ಆರಿದ ಮೇಲೆ ರಾತ್ರಿಯಿಡೀ ಒಳಗಿಟ್ಟು ಬೆಳಗ್ಗೆ ತೆಗೆಯಿರಿ (ತೆಗೆಯದೆ ಓವನ್ ಚಾಲೂ ಮಾಡಬೇಡಿ). ಸೀದು ಹೊಗೆ ತುಂಬಿದ ವಾಸನೆಗೆ ಇವೆರಡೂ ಅಷ್ಟಾಗಿ ನಾಟುವುದಿಲ್ಲ. ಹೊಗೆಯ ಕರೆಯನ್ನು ಸೋಪುನೀರಿನಿಂದ ಒರೆಸಿ, ಬಾಗಿಲು ತೆರೆದಿಟ್ಟು ಒಂದೆರಡು ದಿನ ಗಾಳಿಯಾಡಲು ಬಿಡುವುದೇ ದಾರಿ. ಯಾವುದಕ್ಕಾದರೂ ಆವಿ ಹಿಡಿದ ಮೇಲೆ ಒಣಬಟ್ಟೆಯಿಂದ ಒರೆಸಿ ಅರ್ಧ ಗಂಟೆ ಬಾಗಿಲು ತೆರೆದಿಡಿ. ತೇವ ಉಳಿದರೆ ಕಮಟು ಹಿಡಿದು ಹೊಸ ವಾಸನೆ ಹುಟ್ಟುತ್ತದೆ.

ನನ್ನ ಓವನ್ನಿನಲ್ಲಿ ಇಷ್ಟೆಲ್ಲ ಆದರೂ ಮಂದವಾದ ಸೀದ ವಾಸನೆ ಉಳಿದಿತ್ತು. ಕಾರಣ ಸಿಕ್ಕಿದ್ದು ಒಳಗಿನ ಬಲಗೋಡೆಯಲ್ಲಿ, ರಟ್ಟಿನಂತೆ ಕಾಣುವ ಒಂದು ಹಾಳೆಯಲ್ಲಿ. ಅದು ಮೈಕಾ, ಅಂದರೆ ಅಭ್ರಕದ ಹಾಳೆ. ಅಲೆಗಳು ಒಳಗೆ ಬರುವ ದಾರಿಗೆ ಮುಚ್ಚಳ ಅದು. ಕೆಲವರು ಪ್ಯಾಕಿಂಗ್ ರಟ್ಟು ಅಂದುಕೊಂಡು ಕಿತ್ತೆಸೆಯುತ್ತಾರೆ, ಹಾಗೆ ಮಾಡಬೇಡಿ. ಸಾಸು ಸಿಡಿದ ಜಾಗದಲ್ಲಿ ಅದರ ಮೇಲೆ ಒಂದು ಕಪ್ಪು ಚುಕ್ಕೆ ಆಗಿತ್ತು. ಸುಟ್ಟು ಇದ್ದಿಲಾದ ಜಾಗ ಅಲೆಗಳನ್ನು ಹೀರಿ ಪ್ರತಿ ಸಲ ಇನ್ನಷ್ಟು ಸುಡುತ್ತದೆ. ವಾಸನೆ ಅಲ್ಲಿಂದಲೇ. ಬರೀ ಜಿಡ್ಡು ಕೂತಿದ್ದರೆ ಹಿಂಡಿದ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಸಾಕು, ಉಜ್ಜಿದರೆ ಪದರ ಎದ್ದು ಬರುತ್ತದೆ. ಕಪ್ಪಾಗಿ ತೂತು ಬಿದ್ದಿದ್ದರೆ ಅಥವಾ ಕಿಡಿ ಕಾಣಿಸಿದರೆ ಹಾಳೆ ಬದಲಿಸಬೇಕು, ಬದಲಿಸುವವರೆಗೆ ಓವನ್ ಓಡಿಸಬಾರದು. ನಾನು ಮೆಕ್ಯಾನಿಕ್‌ನಿಂದ ಅದೇ ಅಳತೆಯ ಹೊಸ ಹಾಳೆ ಹಾಕಿಸಿದೆ. ಮಾರನೆಯ ದಿನ ಬರೀ ಒಂದು ಲೋಟ ನೀರು ಬಿಸಿ ಮಾಡಿ ಬಾಗಿಲು ತೆರೆದು ಮೂಸಿದೆ, ಯಾವ ವಾಸನೆಯೂ ಇರಲಿಲ್ಲ.